ಎತ್ತಿದ ಹೆಬ್ಬೆರಳಿಗೆ ಅರ್ಥ ಯಾವುದು?

ಮಾನ್ಯ ಸಂಪಾದಕರೇ,
ನಾನು ಒಂದು ಪತ್ತಿನ ಸಹಕಾರ ಸಂಘದಲ್ಲಿ ಎರಡು ವರ್ಷದಿಂದ ಗುಮಾಸ್ತೆ. ಶಾಖೆಗಳಿಗೆ ವಾಟ್ಸ್ಆ್ಯಪ್‌ನಲ್ಲಿ ಸಂದೇಶ ಕಳುಹಿಸುವುದು ನನ್ನ ಕೆಲಸ. ‘ಸರ್, ವಸೂಲಿ ಪಟ್ಟಿ ಕಳುಹಿಸಿ!! 🙏😊’ ಎಂದು ಬರೆದಿದ್ದಕ್ಕೆ ನಮ್ಮ ಕಾರ್ಯದರ್ಶಿಗಳು, ಕಚೇರಿಯ ಸಂದೇಶದಲ್ಲಿ ಇವೆಲ್ಲ ಬೇಡ ಎಂದರು. ತೆಗೆದು ನೋಡಿದರೆ ನಾನು ಹಿರಿಯರಿಗೆ ಅಪ್ಪಣೆ ಕೊಟ್ಟಂತೆ ಕಾಣುತ್ತದೆ. ಯಾವಾಗ ಇಡಬೇಕು, ಯಾವಾಗ ತೆಗೆಯಬೇಕು?
— ಓದುಗರೊಬ್ಬರು, ಶಿವಮೊಗ್ಗ

ನಿಮ್ಮ ಅಳುಕಿಗೆ ಕಾರಣವಿದೆ. 2015ರಲ್ಲಿ ಅಮೆರಿಕದ ಬಿಂಗ್‌ಹ್ಯಾಮ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ವಿದ್ಯಾರ್ಥಿಗಳಿಗೆ ಮೊಬೈಲ್ ಸಂದೇಶಗಳನ್ನು ಓದಲು ಕೊಟ್ಟರು. ಚುಟುಕು ಉತ್ತರದ ಕೊನೆಗೆ ಪೂರ್ಣವಿರಾಮ ಇದ್ದಾಗ ಅದು ಮನಸ್ಸಿನಿಂದ ಬಂದ ಮಾತಲ್ಲ ಎಂಬ ಭಾವನೆ ಹೆಚ್ಚಾಗಿತ್ತು. ಅದೇ ಉತ್ತರವನ್ನು ಕೈಬರಹದ ಚೀಟಿಯಲ್ಲಿ ತೋರಿಸಿದಾಗ ಆ ವ್ಯತ್ಯಾಸ ಇರಲಿಲ್ಲ. ಮೊಬೈಲಿನ ಪರದೆಯ ಮೇಲೆ ಬರಿಯ ಮಾತು ಒರಟಾಗಿ ಕಾಣುವುದುಂಟು, ಇಷ್ಟನ್ನು ಒಪ್ಪುತ್ತೇನೆ.

ಆದರೆ ನಿಮ್ಮ ವಾಕ್ಯವನ್ನೇ ಎದುರಿಗಿಟ್ಟುಕೊಂಡು ನೋಡಿ. ‘ವಸೂಲಿ ಪಟ್ಟಿ ಕಳುಹಿಸಿ’ ಎಂಬುದು ಅಪ್ಪಣೆಯಂತೆ ಕಾಣುವುದು ನಗುಮುಖ ಇಲ್ಲದ್ದರಿಂದ ಅಲ್ಲ. ಅಲ್ಲಿರುವ ಕ್ರಿಯಾಪದವೇ ಅಪ್ಪಣೆಯದು. ಅದಕ್ಕೆ ‘!!’ ಎಂದು ಎರಡು ಭಾವಸೂಚಕ ಚಿಹ್ನೆ ಸೇರಿಸಿದರೆ ಅಪ್ಪಣೆ ಇನ್ನಷ್ಟು ಗಟ್ಟಿಯಾಗುತ್ತದೆ, ಆಗ ಅದನ್ನು ತಣಿಸಲು ಕೈಮುಗಿಯಬೇಕಾಗುತ್ತದೆ, ಅದೂ ಸಾಲದೆ ನಗಬೇಕಾಗುತ್ತದೆ. ಇದೆಲ್ಲದರ ಬದಲು ‘ಕಳುಹಿಸಿಕೊಡಿ’ ಎಂದು ಬರೆದು ನೋಡಿ. ‘ಕೊಡು’ ಎಂಬ ಆ ಪುಟ್ಟ ಬಾಲ, ಈ ಕೆಲಸದಿಂದ ನನಗೆ ಉಪಕಾರವಾಗುತ್ತದೆ ಎಂದು ಒಪ್ಪಿಕೊಳ್ಳುತ್ತದೆ. ‘ಕಳುಹಿಸಿಕೊಡುತ್ತೀರಾ?’ ಎಂದರೆ ಇಲ್ಲ ಎನ್ನುವ ಅವಕಾಶವನ್ನೂ ಎದುರಿನವರಿಗೆ ಬಿಟ್ಟಿರಿ. ‘ಒಮ್ಮೆ ನೋಡಿ’ ಎನ್ನುವಾಗ ಆ ‘ಒಮ್ಮೆ’ ಲೆಕ್ಕದ ಒಂದು ಸಲವಲ್ಲ, ಮಾತಿನ ಮೊನೆಯನ್ನು ಮೊಂಡು ಮಾಡುವ ಪದ. ನಮ್ಮ ಓಲೆಗರಿಗಳಲ್ಲಿ ಭಾವಸೂಚಕ ಚಿಹ್ನೆ ಎಂಬುದೇ ಇರಲಿಲ್ಲ. ಪದ್ಯ ಮುಗಿದಲ್ಲಿ ಗೆರೆ ಎಳೆಯುತ್ತಿದ್ದರು. ಸಿಟ್ಟು, ಬೆರಗು, ಅಕ್ಕರೆ ಎಲ್ಲವನ್ನೂ ಪದಗಳೇ ಹೊತ್ತವು.

ಕಾರ್ಯದರ್ಶಿಗಳು ನಗುಮುಖಕ್ಕೆ ಬೇಸರಪಟ್ಟಿರಬಹುದು. ನನ್ನ ಚಿಂತೆ ಎತ್ತಿದ ಹೆಬ್ಬೆರಳಿನದು. ಕೆನಡಾದ ಸಸ್ಕ್ಯಾಚೆವನ್ ಪ್ರಾಂತ್ಯದಲ್ಲಿ ನಡೆದ ಮೊಕದ್ದಮೆ ಲೆಕ್ಕಪತ್ರದಲ್ಲಿ ಕೆಲಸ ಮಾಡುವ ನಿಮಗೆ ತಿಳಿದಿರಬೇಕು. 2021ರ ಮಾರ್ಚಿನಲ್ಲಿ ಧಾನ್ಯ ಕೊಳ್ಳುವ ಕಂಪನಿಯ ಪ್ರತಿನಿಧಿ, 80 ಟನ್ನಿಗೂ ಹೆಚ್ಚು ಅಗಸೆಬೀಜದ ಖರೀದಿ ಕರಾರಿಗೆ ತನ್ನ ಸಹಿ ಹಾಕಿ, ಅದರ ಫೋಟೊ ತೆಗೆದು, ಖಚಿತಪಡಿಸಿ ಎಂಬ ಸಾಲಿನೊಂದಿಗೆ ರೈತನ ಮೊಬೈಲಿಗೆ ಕಳುಹಿಸಿದ. ರೈತ ಹೆಬ್ಬೆರಳಿನ ಚಿತ್ರವನ್ನು ಮರಳಿಸಿದ. ನವೆಂಬರ್ ಬಂತು, ಬೆಲೆ ಏರಿತ್ತು, ಅಗಸೆ ಬರಲಿಲ್ಲ. ಕರಾರು ತಲುಪಿತು ಎನ್ನಲಷ್ಟೇ ಬೆರಳು ಎತ್ತಿದೆ, ಓದಿ ಒಪ್ಪಿದ್ದಲ್ಲ ಎಂದು ರೈತನ ವಾದ. ಆದರೆ ಹಿಂದಿನ ಕರಾರುಗಳಿಗೆಲ್ಲ ಆತ ಇದೇ ರೀತಿ ಮೊಬೈಲಿನಲ್ಲೇ ‘ಸರಿ’, ‘ಹೂಂ’ ಎಂಬಂಥ ಉತ್ತರ ಕೊಟ್ಟು, ಮಾಲನ್ನೂ ತಲುಪಿಸಿದ್ದ. ಅದನ್ನು ನೋಡಿದ ನ್ಯಾಯಾಧೀಶರು 2023ರಲ್ಲಿ ಬೆರಳನ್ನು ಒಪ್ಪಿಗೆಯೆಂದೇ ತೀರ್ಮಾನಿಸಿ, 82,000 ಕೆನಡಾ ಡಾಲರಿಗೂ ಹೆಚ್ಚಿನ ನಷ್ಟ ತುಂಬಿಕೊಡಲು ಆದೇಶಿಸಿದರು. 2024ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು.

ಎಲ್ಲ ಹೆಬ್ಬೆರಳೂ ಸಹಿ ಎಂದು ಆ ತೀರ್ಪು ಹೇಳುವುದಿಲ್ಲ. ಆ ಇಬ್ಬರ ನಡುವಿನ ರೂಢಿಯಿಂದ ಆ ಬೆರಳಿಗೆ ಆ ಅರ್ಥ ಬಂತು. ನನಗೆ ಕಾಣುವ ಅಪಾಯವೂ ಅಲ್ಲೇ ಇದೆ. ಚಿತ್ರದ ಅರ್ಥ ಚಿತ್ರದಲ್ಲಿಲ್ಲ, ಕಳೆದ ತಿಂಗಳು ನೀವು ಅದನ್ನು ಹೇಗೆ ಬಳಸಿದ್ದಿರಿ ಎಂಬುದರಲ್ಲಿದೆ.

ನಮ್ಮಲ್ಲೂ ಹೀಗಾಗಿದೆ. ಕೆಲವು ವರ್ಷಗಳ ಹಿಂದೆ, ಒಂದು ಪುಟದ ಫೋಟೊ ಕೆಳಗಿನ ಇಸವಿ ತಪ್ಪಿದೆ, ತಿದ್ದಿಬಿಡಿ ಎಂದು ಪುಟ ಕಟ್ಟುವ ಹುಡುಗನಿಗೆ ರಾತ್ರಿ ಸಂದೇಶ ಹಾಕಿದೆ. ಹೆಬ್ಬೆರಳು ಬಂತು. ತಿದ್ದಿದ್ದಾನೆ ಎಂದುಕೊಂಡು ನಾನು ಮಲಗಿದೆ. ಅವನು ಆಗ ಬಸ್ಸಿನಲ್ಲಿದ್ದ. ನೋಡಿದ್ದೇನೆ, ಬೆಳಿಗ್ಗೆ ತಿದ್ದುತ್ತೇನೆ ಎಂಬುದು ಅವನ ಬೆರಳಿನ ಅರ್ಥ. ಬೆಳಿಗ್ಗೆಯ ಹೊತ್ತಿಗೆ ಪುಟ ಅಚ್ಚಿಗೆ ಹೋಗಿತ್ತು. ಅವನನ್ನು ಗದರಲು ನನಗೆ ಬಾಯಿ ಬರಲಿಲ್ಲ. ‘ನೋಡಿದೆ’, ‘ಒಪ್ಪಿದೆ’, ‘ಮಾಡುತ್ತೇನೆ’, ‘ಮಾಡಿದೆ’ ಎಂದು ಒಂದೊಂದೇ ಪದದಲ್ಲಿ ನಾಲ್ಕು ಬೇರೆ ಸಂಗತಿ ಹೇಳಬಲ್ಲ ಭಾಷೆ ನಮ್ಮದು. ಆ ನಾಲ್ಕನ್ನೂ ಒಂದು ಹಳದಿ ಬೆರಳಿಗೆ ಒಪ್ಪಿಸಿದ್ದೆವು. ಅಂದಿನಿಂದ ಪುಟದ ವಿಷಯದಲ್ಲಿ ಕ್ರಿಯಾಪದವಿಲ್ಲದ ಉತ್ತರವನ್ನು ನಾನು ಉತ್ತರವೆಂದು ಎಣಿಸುವುದಿಲ್ಲ.

ಹಾಗಾಗಿ ನಿಮಗೆ ಹೇಳುವುದಿಷ್ಟು. ಸಂದೇಶದಲ್ಲಿ ಹಣ, ದಿನಾಂಕ, ಒಪ್ಪಿಗೆ ಈ ಮೂರರಲ್ಲಿ ಒಂದಿದ್ದರೂ ಚಿತ್ರ ತೆಗೆಯಿರಿ. ಅದು ಮುಂದೆ ಬೇರೆಯವರಿಗೆ ಹೋಗುವಂಥದ್ದಾದರೆ, ಆಡಳಿತ ಮಂಡಳಿಗೋ ಲೆಕ್ಕ ಪರಿಶೋಧಕರಿಗೋ ಕಡತಕ್ಕೋ, ಆಗಲೂ ತೆಗೆಯಿರಿ; ನಿಮಗೂ ಶಾಖೆಯವರಿಗೂ ಇರುವ ಸಲುಗೆ ಮೂರನೆಯವರಿಗೆ ಗೊತ್ತಿರುವುದಿಲ್ಲ, ಹಳೆಯ ಕಂಪ್ಯೂಟರಿನಲ್ಲಿ ಆ ನಗು ಬರಿಯ ಚೌಕವಾಗಿಯೂ ಕಾಣಬಹುದು. ಯಾರದೋ ಅರ್ಜಿ ತಿರಸ್ಕೃತವಾದ ಸುದ್ದಿಯ ಜೊತೆಗಂತೂ ನಗುಮುಖ ಬೇಡವೇ ಬೇಡ. ಕೈಮುಗಿದ ಚಿತ್ರದಲ್ಲೂ ಎಚ್ಚರವಿರಲಿ. ನಿಮ್ಮ ಗುಂಪಿನಲ್ಲಿ ಬೆಳಿಗ್ಗೆ ಶುಭೋದಯಕ್ಕೆ, ಮಧ್ಯಾಹ್ನ ಪಟ್ಟಿ ಕೇಳಲು, ಸಂಜೆ ಯಾರದೋ ತಂದೆ ತೀರಿಕೊಂಡದ್ದಕ್ಕೆ ಅದೇ ಕೈಗಳು ಬರುತ್ತವೆ. ಸಾವಿನ ಮನೆಯವರಿಗೆ ಎರಡು ಸಾಲು ಬರೆಯಿರಿ. ಸಹೋದ್ಯೋಗಿಯ ಮಗು ಪಾಸಾದರೆ, ಹಬ್ಬ ಬಂದರೆ, ಬೇಕಾದಷ್ಟು ನಗಿ.

ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ನಿಮಗೆ ಕಚೇರಿ ಕಲಿಸಿದ ಇನ್ನೊಂದು ಕನ್ನಡ ಯಾವುದು? ‘ಈ ಮೂಲಕ ತಿಳಿಯಪಡಿಸುವುದೇನೆಂದರೆ’, ‘ಪಟ್ಟಿಯನ್ನು ತುರ್ತಾಗಿ ಸಲ್ಲಿಸಲು ಸೂಚಿಸಲಾಗಿದೆ’. ಸೂಚಿಸಿದವರು ಯಾರು? ಆ ವಾಕ್ಯದಲ್ಲಿ ಮನುಷ್ಯರೇ ಇಲ್ಲ. ಶಾಲೆಯಲ್ಲಿ ಪತ್ರಲೇಖನವೆಂದರೆ ರಜಾ ಅರ್ಜಿ, ‘ಇಂತಿ ತಮ್ಮ ವಿಧೇಯ’. ಸುತ್ತೋಲೆಗಳು ಇಂಗ್ಲಿಷಿನಲ್ಲಿ ಹುಟ್ಟಿ, ಪದಕ್ಕೆ ಪದ ಇಟ್ಟು ಕನ್ನಡವಾಗುತ್ತವೆ. ಒಬ್ಬ ಗುಮಾಸ್ತೆ ಒಬ್ಬ ವ್ಯವಸ್ಥಾಪಕರಿಗೆ ಗೌರವ ಬಿಡದೆ, ಹಲ್ಲು ಗಿಂಜದೆ, ಕೆಲಸದ ಮಾತು ಹೇಳುವ ನಡುವಿನ ಕನ್ನಡವನ್ನು ಯಾರೂ ನಿಮಗೆ ದಾಟಿಸಲಿಲ್ಲ. ಸುತ್ತೋಲೆಯ ಭಾಷೆಗೆ ಹೆದರಿದ ನೀವು ನಗುಮುಖದ ಆಸರೆ ಹಿಡಿದಿರಿ. ಹಿರಿಯರಾದ ನಾವು ನಗುಮುಖವನ್ನು ಬೈಯುತ್ತೇವೆ, ಸುತ್ತೋಲೆಯನ್ನು ತಿದ್ದುವುದಿಲ್ಲ. ಇದು ನನ್ನನ್ನು ಬಹಳ ಕಾಲದಿಂದ ನೋಯಿಸುತ್ತಿದೆ.

ಮುಂದಿನ ಬಾರಿ ಹೀಗೆ ಬರೆದು ನೋಡಿ: ‘ಸರ್, ನಮಸ್ಕಾರ. ಮಾರ್ಚ್ ತಿಂಗಳ ವಸೂಲಿ ಪಟ್ಟಿ ನಿಮ್ಮ ಶಾಖೆಯಿಂದ ಬರುವುದಿದೆ. ನಾಡಿದ್ದು ಮಂಡಳಿ ಸಭೆ ಇರುವುದರಿಂದ ನಾಳೆ ಸಂಜೆ ನಾಲ್ಕರೊಳಗೆ ಕಳುಹಿಸಿಕೊಡುತ್ತೀರಾ? ತಡವಾಗುವುದಾದರೆ ಒಂದು ಮಾತು ತಿಳಿಸಿ, ನಾನು ಕಾರ್ಯದರ್ಶಿಗಳಿಗೆ ಹೇಳಿರುತ್ತೇನೆ.’ ಶಾಖೆಯಿಂದ ಏನು ಉತ್ತರ ಬಂತೆಂದು ನನಗೆ ಬರೆದು ತಿಳಿಸಿ. ಬರಿಯ ಹೆಬ್ಬೆರಳು ಬಂದಿದ್ದರೆ, ‘ನಾಳೆ ನಾಲ್ಕಕ್ಕೆ ಸಿಗುತ್ತದೆ ಎಂದುಕೊಳ್ಳಲೇ, ಸರ್?’ ಎಂದು ಮತ್ತೊಮ್ಮೆ ಕೇಳಿಬಿಡಿ.

— ಸಂಪಾದಕ