ಓಡುತ್ತಿದ್ದರೂ ಡಾಟೀವ್ ಯಾಕೆ?

"ನಮಸ್ಕಾರ ಅಕ್ಕ. ಓದೋಕೆ ಅಂತ ಜರ್ಮನಿಗೆ ಬಂದಿದ್ದೀನಿ, ಜರ್ಮನ್ ಭಾಷೆಯ ಎ2 ತರಗತಿ ನಡೀತಿದೆ. ಚಲನೆ ಇದ್ದರೆ ಅಕ್ಕುಸಾಟೀವ್ ವಿಭಕ್ತಿ, ಇದ್ದಲ್ಲೇ ಇದ್ದರೆ ಡಾಟೀವ್ ವಿಭಕ್ತಿ ಅಂತ ಹೇಳಿಕೊಟ್ಟರು. ಆದರೆ 'ಪಾರ್ಕಿನಲ್ಲಿ ಓಡ್ತೀನಿ' ಅನ್ನೋದಕ್ಕೆ ಡಾಟೀವ್ ಅಂತೆ. ಓಡೋದು ಚಲನೆ ಅಲ್ವಾ? ಈಗ ಮನೆ ಬದಲಾಯಿಸ್ತಿದ್ದೀನಿ, ಕಟ್ಟಡ ನೋಡಿಕೊಳ್ಳೋ ಹೌಸ್‌ಮೈಸ್ಟರ್‌ಗೆ ಮೇಲ್ ಬರೆಯೋಕೆ ಕೂತರೆ ಪ್ರತಿ ಸಾಲಲ್ಲೂ ಅನುಮಾನ. ಇಷ್ಟೊಂದು ತಲೆಕೆಡಿಸಿಕೊಳ್ಳಬೇಕಾ?"

ನಮಸ್ಕಾರ. ನಿಮ್ಮ ಅನುಮಾನ ಸರಿಯಾಗಿಯೇ ಇದೆ. ತರಗತಿಯಲ್ಲಿ ಹೇಳಿಕೊಡುವ ಆ ಸೂತ್ರ ಅರ್ಧ ಮಾತ್ರ ನಿಜ. ಚಲನೆ ಇದೆಯಾ ಇಲ್ಲವಾ ಅಂತ ನೋಡಬೇಡಿ. ಆ ಕೆಲಸ ಮುಗಿಯುವಾಗ ಯಾರಾದರೂ, ಏನಾದರೂ ಹೊಸ ಜಾಗಕ್ಕೆ ಸೇರಿರುತ್ತಾ ಅಂತ ನೋಡಿ. ಸೇರಿದರೆ ಅಕ್ಕುಸಾಟೀವ್. ಮೊದಲಿಂದ ಕೊನೆಯವರೆಗೂ ಅದೇ ಜಾಗದ ಒಳಗೇ ನಡೆದರೆ ಡಾಟೀವ್, ಎಷ್ಟು ಜೋರಾಗಿ ಓಡಿದರೂ ಅಷ್ಟೇ.

"ಇಶ್ ಲೌಫೆ ಇಮ್ ಪಾರ್ಕ್" ಅಂದರೆ ನೀವು ಪಾರ್ಕಿನ ಒಳಗೇ ಸುತ್ತು ಹಾಕುತ್ತಿದ್ದೀರಿ. ಶುರುವಿನಲ್ಲೂ ಪಾರ್ಕು, ಕೊನೆಯಲ್ಲೂ ಪಾರ್ಕು. ಅದಕ್ಕೇ ಡಾಟೀವ್ (ಇನ್ ಮತ್ತು ಡೇಮ್ ಸೇರಿ ಇಮ್ ಆಗಿದೆ). "ಇಶ್ ಲೌಫೆ ಇನ್ ಡೇನ್ ಪಾರ್ಕ್" ಅಂದರೆ ಹೊರಗಿದ್ದವರು ಗೇಟು ದಾಟಿ ಪಾರ್ಕಿನೊಳಗೆ ಹೋದಿರಿ. ಕ್ರಿಯಾಪದ ಒಂದೇ, ಡಾಟೀವ್‌ನ ಡೇಮ್ ಹೋಗಿ ಅಕ್ಕುಸಾಟೀವ್‌ನ ಡೇನ್ ಬಂದಿದ್ದಕ್ಕೆ ಅರ್ಥ ಬದಲಾಯಿತು. ಮೇಜಿನ ಮೇಲೆ ಬೆಕ್ಕು ಜಿಗಿಯುವುದೂ ಹಾಗೇ. ನೆಲದಿಂದ ಮೇಜಿಗೆ ಹಾರಿದರೆ "ಔಫ್ ಡೇನ್ ಟಿಶ್". ಮೇಜಿನ ಮೇಲೆ ನಿಂತುಕೊಂಡೇ ಕುಣಿದಾಡಿದರೆ "ಔಫ್ ಡೇಮ್ ಟಿಶ್".

ಈ ಆಟ ನಡೆಯುವುದು ಒಂಬತ್ತು ಪದಗಳಲ್ಲಿ ಮಾತ್ರ. ಆನ್, ಔಫ್, ಹಿಂಟರ್, ಇನ್, ನೇಬೆನ್, ಊಬರ್, ಉಂಟರ್, ಫೋರ್, ಟ್ಸ್ವಿಶೆನ್. ಉಳಿದವುಗಳಿಗೆ ಈ ಪ್ರಶ್ನೆಯನ್ನೇ ಕೇಳಬೇಡಿ. "ತ್ಸು" ಮತ್ತು "ನಾಖ್" ಎರಡೂ ಎಲ್ಲಿಗೋ ಹೋಗುವುದನ್ನೇ ಹೇಳುತ್ತವೆ, ಆದರೂ ಯಾವಾಗಲೂ ಡಾಟೀವ್. ಡಾಕ್ಟರ ಹತ್ತಿರ ಹೋಗುವುದು "ತ್ಸುಮ್ ಆರ್ಟ್ಸ್ಟ್", ಅಂದರೆ ತ್ಸು ಡೇಮ್. ಹೋಗ್ತಾ ಇದ್ದೀನಲ್ಲ, ಅಕ್ಕುಸಾಟೀವ್ ಹಾಕೋಣ ಅಂತ ಇಲ್ಲಿ ಬುದ್ಧಿ ಓಡಿಸಿದರೆ ತಪ್ಪಾಗುತ್ತದೆ.

ನಮ್ಮ ಕನ್ನಡ ಇಲ್ಲಿ ಒಂದು ಕಡೆ ನೆರವಾಗುತ್ತದೆ, ಎರಡು ಕಡೆ ದಾರಿ ತಪ್ಪಿಸುತ್ತದೆ. ನೆರವು ಸುಲಭದ್ದು. "ಎಲ್ಲಿಗೆ?" ಅಂತ ಕೇಳಿದರೆ ಉತ್ತರ ಬರುವಲ್ಲಿ ಅಕ್ಕುಸಾಟೀವ್, "ಎಲ್ಲಿ?" ಅಂತ ಕೇಳಿದರೆ ಡಾಟೀವ್. ಜರ್ಮನರ ವೋಹಿನ್ ಮತ್ತು ವೋ ಇದೇ ಜೋಡಿ. ಇಂಗ್ಲಿಷಿನಲ್ಲಿ ಎರಡಕ್ಕೂ ಸಾಮಾನ್ಯವಾಗಿ "ವೇರ್" ಒಂದೇ ಸಾಕು, ಹಾಗಾಗಿ ಇಂಗ್ಲಿಷ್ ಮೂಲಕ ಯೋಚಿಸಬೇಡಿ, ನೇರ ಕನ್ನಡದಲ್ಲೇ ಕೇಳಿಕೊಳ್ಳಿ.

ಮೊದಲನೇ ಮೋಸ ನಮ್ಮ "ಗೆ" ಪ್ರತ್ಯಯದ್ದು. ಡಾಟೀವ್ ಅಂದರೆ ಚತುರ್ಥಿ, ಚತುರ್ಥಿ ಅಂದರೆ "ಗೆ, ಕ್ಕೆ" ಅಂತ ಶಾಲೆಯಲ್ಲಿ ಕಲಿತಿದ್ದು ತಲೆಯಲ್ಲಿ ಇರುತ್ತದೆ. "ನನಗೆ ಕೊಡು" ಅನ್ನುವಾಗ ಅದು ಸರಿ. ಆದರೆ "ಪಾರ್ಕಿಗೆ ಹೋದೆ" ಅನ್ನುವ ಗೆ ಬೇರೆ ಕೆಲಸ ಮಾಡುತ್ತಿದೆ. ಅಲ್ಲಿ ಜರ್ಮನ್ ಅಕ್ಕುಸಾಟೀವ್ ಕೇಳುತ್ತದೆ. ನಮ್ಮವರು "ಇಶ್ ಗೇಹೆ ಇನ್ ಡೇಮ್ ಪಾರ್ಕ್" ಅಂತ ಬರೆಯುವುದಕ್ಕೆ ಇದೂ ಒಂದು ಕಾರಣ ಅಂತ ನನ್ನ ಅನಿಸಿಕೆ. ಡಾಟೀವ್‌ಗೆ "ಗೆ" ಅಂತ ಹೆಸರಿಟ್ಟುಕೊಂಡಿದ್ದರೆ, ಈ ಒಂಬತ್ತು ಪದಗಳ ಮಟ್ಟಿಗೆ ಅದನ್ನು ಅಳಿಸಿ "ಅಲ್ಲಿ" ಅಂತ ಬರೆದುಕೊಳ್ಳಿ.

ಎರಡನೇ ಮೋಸ ಇನ್ನೂ ದೊಡ್ಡದು. "ಪುಸ್ತಕ ಮೇಜಿನ ಮೇಲೆ ಇಟ್ಟೆ", "ಪುಸ್ತಕ ಮೇಜಿನ ಮೇಲೆ ಇದೆ". ನೋಡಿ, "ಮೇಜಿನ ಮೇಲೆ" ಎರಡರಲ್ಲೂ ಒಂದೇ. "ಬೀಗದ ಕೈ ಡಬ್ಬಿಯಲ್ಲಿ ಹಾಕಿದೆ" ಅಂತಲೂ ಹೇಳುತ್ತೇವೆ, "ಎಲ್ಲಿ ಹಾಕಿದೆ?" ಅಂತಲೂ ಕೇಳುತ್ತೇವೆ. ಇಡುವುದು, ಹಾಕುವುದು, ತೂಗುಹಾಕುವುದು ಬಂದಾಗ ಕನ್ನಡದ ಎಲ್ಲಿ-ಎಲ್ಲಿಗೆ ಪರೀಕ್ಷೆ ಕೈಕೊಡುತ್ತದೆ. ಹಾಗಾಗಿ ಇಲ್ಲಿ ಪ್ರಶ್ನೆ ಬಿಟ್ಟು ಕ್ರಿಯಾಪದ ನೋಡಿ.

ಜರ್ಮನ್‌ನಲ್ಲಿ ಈ ಕ್ರಿಯಾಪದಗಳು ಜೋಡಿಜೋಡಿಯಾಗಿವೆ. ನೆಟ್ಟಗೆ ನಿಲ್ಲಿಸುವುದು ಷ್ಟೆಲೆನ್, ನಿಂತಿರುವುದು ಷ್ಟೇಯೆನ್. ಮಲಗಿಸಿ ಇಡುವುದು ಲೇಗೆನ್, ಬಿದ್ದಿರುವುದು ಲೀಗೆನ್. ಕೂರಿಸುವುದು ಸೆಟ್ಸೆನ್, ಕೂತಿರುವುದು ಸಿಟ್ಸೆನ್. ಜೋಡಿಯಲ್ಲಿ ಮೊದಲನೆಯದಕ್ಕೆ ಅಕ್ಕುಸಾಟೀವ್, ಎರಡನೆಯದಕ್ಕೆ ಡಾಟೀವ್. ಯಾವುದು ಯಾವುದು ಅಂತ ಮರೆತರೆ ಭೂತಕಾಲ ಕೇಳಿ ನೋಡಿ. ಇಡುವ ಕ್ರಿಯಾಪದಗಳು ಸೀದಾಸಾದಾ "ಟ್" ಹಚ್ಚಿಕೊಳ್ಳುತ್ತವೆ: ಗೆಷ್ಟೆಲ್ಟ್, ಗೆಲೇಗ್ಟ್, ಗೆಸೆಟ್ಸ್ಟ್. ಇರುವ ಕ್ರಿಯಾಪದಗಳು ರೂಪ ಕೆಡಿಸಿಕೊಳ್ಳುತ್ತವೆ: ಗೆಷ್ಟಾಂಡೆನ್, ಗೆಲೇಗೆನ್, ಗೆಸೆಸೆನ್. ಹೆಂಗೆನ್ ಎರಡಕ್ಕೂ ಒಂದೇ ಪದ, ಆದರೆ ಭೂತಕಾಲದಲ್ಲಿ ಅದೂ ಬೇರೆಯಾಗುತ್ತದೆ. ತೂಗುಹಾಕಿದ್ದು ಗೆಹೆಂಗ್ಟ್, ತೂಗುತ್ತಿದ್ದದ್ದು ಗೆಹಾಂಗೆನ್. (ಊಟದ ತಟ್ಟೆ ಚಪ್ಪಟೆಯಾಗಿದ್ದರೂ ಜರ್ಮನರ ಮೇಜಿನ ಮೇಲೆ ಅದು "ನಿಂತಿರುತ್ತದೆ", ಬಿದ್ದಿರುವುದಿಲ್ಲ. ಇದಕ್ಕೆ ಕಾರಣ ಹುಡುಕಲು ಹೋಗಬೇಡಿ, ಸುಮ್ನೆ ಒಪ್ಪಿಕೊಳ್ಳಿ.)

ಭೂತಕಾಲ ಅಂದಾಗ ಇನ್ನೊಂದು ಮಾತು. "ಇಶ್ ಹಾಬೆ ಡಾಸ್ ಬೂಖ್ ಔಫ್ ಡೇನ್ ಟಿಶ್ ಗೆಲೇಗ್ಟ್." ಇಟ್ಟಾಯಿತು, ಪುಸ್ತಕ ಈಗ ಅಲ್ಲೇ ಬಿದ್ದಿದೆ. ಹಾಗಂತ ಡೇಮ್ ಮಾಡುವ ಹಾಗಿಲ್ಲ. ಕೆಲಸ ಯಾವ ಕಾಲದ್ದಾದರೂ ಅದು ಇಡುವ ಕೆಲಸವೇ.

ಈಗ ನಿಮ್ಮ ಮೇಲ್‌ಗೆ ಬರೋಣ. ಅದರಲ್ಲಿ ಏನೇನು ಇರಬಹುದು ಅಂತ ಊಹಿಸಿ ಬರೆಯುತ್ತಿದ್ದೇನೆ.

ಮೊದಲ ಸಾಲು, ಶನಿವಾರ ಮನೆಗೆ ಬರುತ್ತೇನೆ ಅಂತ. "ಇಶ್ ತ್ಸೀಯೆ ಆಮ್ ಜಾಮ್ಸ್ಟಾಗ್ ಇನ್ ಡೀ ವೋನುಂಗ್ ಐನ್." ವೋನುಂಗ್ ಸ್ತ್ರೀಲಿಂಗ, ಹೊಸ ಮನೆಯೊಳಗೆ ಸೇರುತ್ತಿದ್ದೀರಿ, ಹಾಗಾಗಿ ಡೀ. ಬಂದು ನೆಲೆಸಿದ ಮೇಲೆ "ಇಶ್ ವೋನೆ ಇನ್ ಡೇರ್ ವೋನುಂಗ್". ಈ ಡೇರ್ ನೋಡಿ ಪುಲ್ಲಿಂಗ ಅಂದುಕೊಳ್ಳಬೇಡಿ, ಸ್ತ್ರೀಲಿಂಗದ ಡಾಟೀವ್ ಅದು. ಅದೇ ಸಾಲಿನ "ಆಮ್ ಜಾಮ್ಸ್ಟಾಗ್" ಕೂಡ ಡಾಟೀವ್, ಯಾಕೆಂದರೆ ಅದು ಜಾಗವಲ್ಲ, ದಿನ. "ಯಾವಾಗ?" ಅನ್ನುವುದಕ್ಕೆ ಆನ್, ಇನ್, ಫೋರ್ ಬಂದರೆ ಡಾಟೀವ್, ಯೋಚನೆಯೇ ಬೇಡ.

ಎರಡನೆಯದು ಬೀಗದ ಕೈ. ಟಪಾಲು ಡಬ್ಬಿಗೆ ಹಾಕಿಬಿಡಿ ಅನ್ನಬೇಕಾದರೆ "ವೆರ್ಫೆನ್ ಜೀ ಡೇನ್ ಶ್ಲ್ಯುಸೆಲ್ ಬಿಟೆ ಇನ್ ಡೇನ್ ಬ್ರೀಫ್‌ಕಾಸ್ಟೆನ್". ಅವರು ಹಾಕಿದ ಮೇಲೆ ಉತ್ತರ ಬರೆಯುತ್ತಾರೆ: "ಡೇರ್ ಶ್ಲ್ಯುಸೆಲ್ ಲೀಗ್ಟ್ ಇಮ್ ಬ್ರೀಫ್‌ಕಾಸ್ಟೆನ್". ಒಂದೇ ಡಬ್ಬಿ, ಎರಡು ವಿಭಕ್ತಿ.

ಮೂರನೆಯದು ಹೆಸರು. ಇಲ್ಲಿ ಡಬ್ಬಿಯ ಮೇಲೆ ಹೆಸರಿಲ್ಲದಿದ್ದರೆ ಕಾಗದಪತ್ರ ನಿಮ್ಮ ಕೈಸೇರುವುದು ಕಷ್ಟ, ಅದನ್ನು ಮರೆಯಬೇಡಿ. "ಮೈನ್ ನಾಮೆ ಷ್ಟೇಟ್ ನೋಖ್ ನಿಶ್ಟ್ ಆಮ್ ಬ್ರೀಫ್‌ಕಾಸ್ಟೆನ್", ಅಂದರೆ ಹೆಸರು ಇನ್ನೂ ಅಲ್ಲಿಲ್ಲ. ಬರಹವೂ ಜರ್ಮನ್‌ನಲ್ಲಿ ನಿಂತಿರುತ್ತದೆ, ಹಾಗಾಗಿ ಡಾಟೀವ್. ಹೆಸರಿನ ಚೀಟಿ ಅಂಟಿಸುವುದಾದರೆ "ಆನ್ ಡೇನ್ ಬ್ರೀಫ್‌ಕಾಸ್ಟೆನ್ ಕ್ಲೇಬೆನ್", ಅಕ್ಕುಸಾಟೀವ್.

ನಾಲ್ಕನೆಯದು ಸೈಕಲ್. "ಡಾರ್ಫ್ ಇಶ್ ಮೈನ್ ಫಾರ್‌ರಾಟ್ ಇನ್ ಡೇನ್ ಕೆಲರ್ ಷ್ಟೆಲೆನ್?" ಕೆಲರ್ ಅಂದರೆ ನೆಲಮಾಳಿಗೆ, ಪುಲ್ಲಿಂಗ. ಮೇಲಿಂದ ಕೆಳಗೆ ಒಯ್ದು ನಿಲ್ಲಿಸುವುದು, ಆದ್ದರಿಂದ ಡೇನ್. ಇಲ್ಲಿವರೆಗೆ ಎಲ್ಲ ಸೂತ್ರದ ಪ್ರಕಾರವೇ.

ಆದರೆ ಮೆಟ್ಟಿಲ ಹತ್ತಿರದ ಗೋಡೆ ನೋಡಿ. ತುಂಬಾ ಕಟ್ಟಡಗಳಲ್ಲಿ ಅಲ್ಲೊಂದು ಚೀಟಿ ಇರುತ್ತದೆ: "ಬಿಟೆ ಕೈನೆ ಫಾರ್‌ರೇಡರ್ ಇಮ್ ಟ್ರೆಪೆನ್‌ಹೌಸ್ ಆಪ್‌ಷ್ಟೆಲೆನ್". ಮೆಟ್ಟಿಲ ಬಳಿ ಸೈಕಲ್ ನಿಲ್ಲಿಸಬೇಡಿ ಅಂತ. ಇದೂ ನಿಲ್ಲಿಸುವುದೇ, ಆದರೆ ಇಮ್ ಇದೆ, ಡಾಟೀವ್! ಚೀಟಿ ಬರೆದವರು ತಪ್ಪು ಮಾಡಿಲ್ಲ. ಆಪ್‌ಷ್ಟೆಲೆನ್, ಪಾರ್ಕೆನ್ ಇವೆಲ್ಲ ಎಲ್ಲಿ ಬಿಟ್ಟುಹೋಗುತ್ತೀರಿ ಅನ್ನುವುದನ್ನು ನೋಡುತ್ತವೆ, ಅಲ್ಲಿಗೆ ತಂದದ್ದನ್ನಲ್ಲ. ಕಾರು ಓಡಿಸಿಕೊಂಡು ಬಂದೇ ನಿಲ್ಲಿಸುತ್ತೀರಿ, ಆದರೂ "ಇಶ್ ಪಾರ್ಕೆ ಇನ್ ಡೇರ್ ಗರಾಜೆ". ಆನ್‌ಕೋಮೆನ್, ಅಂದರೆ ತಲುಪುವುದು, ಕೂಡ ಇದೇ ಗುಂಪು. "ಇಶ್ ಬಿನ್ ಆಮ್ ಬಾನ್‌ಹೋಫ್ ಆನ್‌ಗೆಕೋಮೆನ್". ಸ್ಟೇಷನ್ನಿಗೆ ತಲುಪಿದೆ ಅಂತ ನಾವು "ಗೆ" ಹಚ್ಚುತ್ತೇವೆ, ಅವರಿಗೆ ಅದು "ಎಲ್ಲಿ". ವಿಮಾನ ಇಳಿಯುವ ಲಾಂಡೆನ್ ಕೂಡ ಹಾಗೇ. ಇವಕ್ಕೆ ಸೂತ್ರ ಇಲ್ಲ, ಕ್ರಿಯಾಪದದ ಜೊತೆಗೇ ಕಲಿಯಬೇಕು.

ಬೆಟ್ಟಕ್ಕೆ ಹೋಗುವಾಗ ಒಂದು ಕಡೆ ಎಚ್ಚರ. "ಇನ್ ಡೀ ಬೆರ್ಗೆ" ಅಂದರೆ ಬೆಟ್ಟಗಳಿಗೆ, "ಇನ್ ಡೇನ್ ಬೆರ್ಗೆನ್" ಅಂದರೆ ಬೆಟ್ಟಗಳಲ್ಲಿ. ಡೇನ್ ಕಂಡಕೂಡಲೇ ಅಕ್ಕುಸಾಟೀವ್ ಅಂದುಕೊಳ್ಳುವ ಅಭ್ಯಾಸ ಇಲ್ಲಿ ಕೈಕೊಡುತ್ತದೆ. ಬಹುವಚನದಲ್ಲಿ ಡೇನ್ ಡಾಟೀವ್. ನಾಮಪದದ ಕೊನೆಗೆ ಸಾಮಾನ್ಯವಾಗಿ "ನ್" ಬರುವುದೇ ಗುರುತು.

ಇನ್ನು ಕಾಯುವುದು, ನೆನೆಯುವುದು ಮುಂತಾದವು. "ಔಫ್ ಡೇನ್ ಬುಸ್ ವಾರ್ಟೆನ್" ಅಂದರೆ ಬಸ್ಸಿಗೆ ಕಾಯುವುದು. ಕಾಯುವವರು ಅಲ್ಲಾಡುವುದೇ ಇಲ್ಲ, ಆದರೂ ಅಕ್ಕುಸಾಟೀವ್. ಇಲ್ಲಿ ಜಾಗದ ಮಾತೇ ಇಲ್ಲವಲ್ಲ, ಹಾಗಾಗಿ ಎಲ್ಲಿ-ಎಲ್ಲಿಗೆ ಕೇಳಿ ಪ್ರಯೋಜನ ಇಲ್ಲ. "ಔಫ್ ಡೇಮ್ ಬುಸ್ ವಾರ್ಟೆನ್" ಅಂದರೆ ಬಸ್ಸಿನ ಮೇಲೆ ಹತ್ತಿ ಕಾಯುತ್ತಿದ್ದೀರಿ ಅನ್ನೋ ಹಾಗೆ ಕೇಳುತ್ತದೆ. ಔಫ್ ಮತ್ತು ಊಬರ್ ಹೀಗೆ ಜಾಗ ಬಿಟ್ಟು ಬಂದಾಗ ಹೆಚ್ಚಾಗಿ ಅಕ್ಕುಸಾಟೀವ್. ಹೆದರಿಕೆ ಹೇಳುವ "ಆಂಗ್ಸ್ಟ್ ಫೋರ್" ಡಾಟೀವ್.

ತಲೆಕೆಡಿಸಿಕೊಳ್ಳಬೇಕಾ ಅಂತ ಕೇಳಿದ್ದಿರಿ. ಮಾತಿನಲ್ಲಿ ಅಷ್ಟೇನೂ ಬೇಡ. ಬೇಗ ಮಾತಾಡುವಾಗ ಜರ್ಮನರೇ ಡೇನ್ ಅನ್ನು ಅರ್ಧ ನುಂಗುತ್ತಾರೆ. "ಇನ್ ಡೇಮ್ ಕೆಲರ್ ಷ್ಟೆಲೆನ್" ಅಂದರೂ ಸೈಕಲ್ ಎಲ್ಲಿಗೆ ಹೋಗಬೇಕು ಅಂತ ಹೌಸ್‌ಮೈಸ್ಟರ್‌ಗೆ ಗೊತ್ತಾಗುತ್ತದೆ, ಷ್ಟೆಲೆನ್ ಪದವೇ ಅದನ್ನು ಹೇಳಿಬಿಡುತ್ತದೆ. ತೊಂದರೆ ಬರುವುದು ಎರಡು ವಿಭಕ್ತಿಗೂ ಒಪ್ಪುವ ಕ್ರಿಯಾಪದಗಳಲ್ಲಿ: ಲೌಫೆನ್, ಫಾರೆನ್, ಷ್ಪ್ರಿಂಗೆನ್. ಕಾರು "ಔಫ್ ಡೀ ಔಟೋಬಾನ್" ಹೋಗುವುದಕ್ಕೂ "ಔಫ್ ಡೇರ್ ಔಟೋಬಾನ್" ಹೋಗುವುದಕ್ಕೂ ವ್ಯತ್ಯಾಸ ಇದೆ. ಮೊದಲನೆಯದು ಹೆದ್ದಾರಿಗೆ ಹತ್ತುವುದು, ಎರಡನೆಯದು ಅದರ ಮೇಲೆ ಸಾಗುವುದು. ಇಂಥ ಕಡೆ ಒಂದು ಕ್ಷಣ ನಿಂತು ಯೋಚಿಸಿ. ಪರೀಕ್ಷೆಯ ಬರವಣಿಗೆಯಲ್ಲಿ ಮಾತ್ರ ಎಲ್ಲ ಕಡೆಯೂ ನೋಡಬೇಕು, ಅಲ್ಲಿ ಅಂಕ ಹೋಗುತ್ತದೆ. ಮೇಲ್ ಬರೆದ ಮೇಲೆ ಈ ಒಂಬತ್ತು ಪದಗಳಿಗೆ ಮಾತ್ರ ಗೆರೆ ಎಳೆದು, ಒಂದೊಂದರ ಕ್ರಿಯಾಪದ ಹುಡುಕಿ ನೋಡಿ, ಆಮೇಲೆ ಕಳಿಸಿ. ಶನಿವಾರದ ಮುಂಚೆ ಇನ್ನೊಂದು ಸಾಲಲ್ಲಿ ಅನುಮಾನ ಬಂದರೆ ಕ್ರಿಯಾಪದದ ಸಮೇತ ಇಲ್ಲಿ ಬರೆಯಿರಿ, ನೋಡುತ್ತೇನೆ.