ಅವ್ವನ ತಲೆ ಮೇಲಿನ ಲೈಟ್ ಕಂಬ

*ಸಂಪಾದಕರೇ, ಬಾದಾಮಿಯ ಅಗಸ್ತ್ಯ ತೀರ್ಥದ ದಂಡೆ ಮೇಲೆ ಅವ್ವನ ಫೋಟೊ ತೆಗೆದಿದ್ದೆ. ನಗು ಚೆಂದ ಬಂದದ. ಆದರ ತಲೆಯಿಂದಲೇ ಲೈಟ್ ಕಂಬ ಎದ್ದಂಗ ಕಾಣ್ತದ. ಮೊಬೈಲ್‌ನಾಗ ಅಳಿಸಿದೆ. ಕಂಬ ಹೋತು, ಸೆರಗಿನ ಅಂಚೂ ಕಲಸಿಹೋತು. ಕಂಪ್ಯೂಟರ್‌ನಾಗ ಫೋಟೊ ತಿದ್ದೋ ಗಿಂಪ್ ಸ್ವಲ್ಪ ಬರ್ತದ. ಏನು ಮಾಡ್ಲಿ?*
*– ಓದುಗ, ಗುಳೇದಗುಡ್ಡ*

ನೀವು ಕಳಿಸಿದ ಎರಡೂ ಫೋಟೊ ನೋಡಿದೆ. ಅವ್ವ ತಲೆ ಮೇಲೆ ಹೊದ್ದಿರುವುದು ಇಳಕಲ್ ಸೀರೆಯ ಕೆಂಪು ಸೆರಗು. ಹಿಂದೆ ಇರುವುದು ಬಾದಾಮಿಯ ಕೆಂಪು ಬಂಡೆ. ತಾನೇ ಅಳಿಸುವ ಟೂಲ್ ಸುತ್ತಲಿನ ಬಣ್ಣ ನೋಡಿ ಜಾಗ ತುಂಬುತ್ತದೆ. ಬಟ್ಟೆ ಎಲ್ಲಿ ಮುಗಿಯಿತು, ಕಲ್ಲು ಎಲ್ಲಿ ಶುರುವಾಯಿತು ಅಂತ ಅದಕ್ಕೆ ಗೊತ್ತಾಗಿಲ್ಲ. ಗಿಂಪ್‌ನ Heal ಟೂಲನ್ನು ಅಂಚಿಗೆ ತಾಗಿಸಿದರೂ ಇದೇ ಕಥೆ, ಸೆರಗಿನ ಬಣ್ಣ ಬಂಡೆಗೆ ಹರಡುತ್ತದೆ. ತಲೆಯ ಹತ್ತಿರ, ಒಂದು ಕಡೆಯದನ್ನು ಇನ್ನೊಂದು ಕಡೆಗೆ ಹಾಗೇ ನಕಲು ಮಾಡುವ Clone ಒಂದನ್ನೇ ಬಳಸಿ.

ಅದಕ್ಕೂ ಮುಂಚೆ ಮೊಬೈಲ್ ಇನ್ನೊಮ್ಮೆ ಹುಡುಕಿ. ಅದೇ ಹೊತ್ತಿನಲ್ಲಿ, ಒಂದೆರಡು ಹೆಜ್ಜೆ ಪಕ್ಕದಿಂದ ತೆಗೆದ ಇನ್ನೊಂದು ಫೋಟೊ ಇದೆಯಾ? ಕೋತಿ ಕಾಟದಲ್ಲಿ ಯಾರೂ ಒಂದೇ ಸಲ ಕ್ಲಿಕ್ ಮಾಡಿ ಸುಮ್ನೆ ಬರುವುದಿಲ್ಲ. ನೀವು ಪಕ್ಕಕ್ಕೆ ಸರಿದಾಗ ಹತ್ತಿರದ ಕಂಬ ಜಾಸ್ತಿ ಸರಿಯುತ್ತದೆ, ದೂರದ ಬಂಡೆ ಸ್ವಲ್ಪ ಮಾತ್ರ. ಹಾಗಾಗಿ ಇಲ್ಲಿ ಕಂಬ ಮುಚ್ಚಿದ ಬಂಡೆ ಅಲ್ಲಿ ಬಯಲಾಗಿರಬಹುದು. ಆ ತುಂಡನ್ನು ಹೊಸ ಲೇಯರ್‌ ಆಗಿ ತಂದು, ಅರ್ಧ ಪಾರದರ್ಶಕ ಮಾಡಿ, ಬಂಡೆಯ ಬಿರುಕಿಗೆ ಬಿರುಕು ಕೂಡಿಸಿ. ಕೂತಿತೆಂದರೆ ಮುಕ್ಕಾಲು ಕೆಲಸ ಮುಗಿಯಿತು, ಅದೂ ನಿಜವಾದ ಬಂಡೆಯಿಂದಲೇ.

ಇಲ್ಲದಿದ್ದರೆ ಕೈಕೆಲಸ. ಮೊದಲು ತಲೆಗೆ ಬೇಲಿ ಹಾಕಿ. ಫೋಟೊವನ್ನು 200 ಶೇಕಡಾಕ್ಕೆ ಜೂಮ್ ಮಾಡಿ, Paths ಟೂಲ್‌ನಿಂದ ಸೆರಗಿನ ಅಂಚಿನ ಗುಂಟ ಗೆರೆ ಎಳೆದು ತಲೆ ಸುತ್ತಿ, ಸೆಲೆಕ್ಷನ್ ಮಾಡಿ, Ctrl+I ಒತ್ತಿ ತಿರುಗಿಸಿ. ಈಗ ಬ್ರಷ್ ಹೊರಗೆ ಮಾತ್ರ ಓಡುತ್ತದೆ, ಸೆರಗು ಮುಟ್ಟುವುದಿಲ್ಲ. ಒಂದೆರಡು ಪಿಕ್ಸೆಲ್ ಫೆದರ್ ಕೊಡಿ. ಎಷ್ಟು ಅಂತ ಕಂಬ ಇಲ್ಲದ ಕಡೆಯ ಸೆರಗಿನ ಅಂಚು ನೋಡಿ ತೀರ್ಮಾನಿಸಿ. ಅಲ್ಲಿ ಎಷ್ಟು ಮೆತ್ತಗಿದೆಯೋ ಇಲ್ಲೂ ಅಷ್ಟೇ ಇರಬೇಕು. ಕತ್ತರಿಯಿಂದ ಕತ್ತರಿಸಿದಂತೆ ಚೂಪಾಗಿದ್ದರೆ ತಕ್ಷಣ ಸಿಕ್ಕಿಬೀಳುತ್ತೀರಿ.

ಆಮೇಲೆ ಖಾಲಿ ಲೇಯರ್ ಒಂದನ್ನು ಮೇಲಿಟ್ಟು, Clone ಆಯ್ಕೆಗಳಲ್ಲಿ "Sample merged" ಟಿಕ್ ಮಾಡಿ. ತಪ್ಪಾದರೆ ಆ ಲೇಯರ್ ಅಳಿಸಿದರಾಯಿತು, ಮೂಲ ಫೋಟೊಗೆ ಏನೂ ಆಗುವುದಿಲ್ಲ.

ಮೊದಲು ಆಕಾಶ. ಅದು ಒಂದೇ ನೀಲಿ ಅಲ್ಲ, ಬಂಡೆಯ ಹತ್ತಿರ ತಿಳಿ, ಮೇಲೇರಿದಂತೆ ಗಾಢ. ಅದಕ್ಕೇ ಕಂಬದ ಪಕ್ಕ, ಅದೇ ಎತ್ತರದಲ್ಲಿ Ctrl ಒತ್ತಿ ಕ್ಲಿಕ್ ಮಾಡಿ ಅಡ್ಡಡ್ಡ ತನ್ನಿ. ಮೇಲಿಂದ ಕೆಳಗೆ ತಂದರೆ ತೇಪೆ ಕಾಣುತ್ತದೆ. ಇಲ್ಲಿ ದೊಡ್ಡ, ಮೆತ್ತನೆಯ ಬ್ರಷ್ ಸಾಕು.

ಕಷ್ಟ ಇರುವುದು ಬಂಡೆ ಆಕಾಶಕ್ಕೆ ತಾಗುವ ಗೆರೆಯಲ್ಲಿ. ಆ ಗೆರೆಯ ಮೇಲೇ Ctrl ಒತ್ತಿ ಕ್ಲಿಕ್ ಮಾಡಿ, ಕಂಬದ ಆಚೆ ಈಚೆ ಗೆರೆ ಕೂಡುವ ಹಾಗೆ ಬ್ರಷ್ ಇಡಿ. ಬಾದಾಮಿಯದು ಮರಳುಗಲ್ಲು, ಪದರದ ಮೇಲೆ ಪದರ. ಆ ಅಡ್ಡ ಗೆರೆಗಳು ಕಂಬದ ಎಡದಿಂದ ಬಲಕ್ಕೆ ಮುರಿಯದೆ ಹೋಗಬೇಕು. ಬಂಡೆಗೆ ಬ್ರಷ್ ಸಣ್ಣದಿರಲಿ, ಒಪ್ಯಾಸಿಟಿ 100 ಇರಲಿ. ಕಡಿಮೆ ಇಟ್ಟು ಮತ್ತೆ ಮತ್ತೆ ಎಳೆದರೆ ಕಲ್ಲಿನ ತರಿ ಹೋಗಿ ಗಾರೆ ಬಳಿದಂತಾಗುತ್ತದೆ. ಒಂದೇ ಕಡೆಯಿಂದ ಕದಿಯಬೇಡಿ. ಒಂದೇ ಕಪ್ಪು ಕಲೆ ಎರಡು ಸಲ ಕಂಡರೆ ನೋಡುವವರ ಕಣ್ಣು ಅಲ್ಲಿಗೇ ಹೋಗುತ್ತದೆ. ಬಿಸಿಲು ಬಿದ್ದ ಮೈಗೆ ನೆರಳಿನ ಕಲ್ಲನ್ನು ತಂದು ಅಂಟಿಸುವುದೂ ಬೇಡ.

ಸೆರಗಿನ ಬದಲು ಕೂದಲಿದ್ದರೆ ಈ ಬೇಲಿ ನಡೆಯುವುದಿಲ್ಲ. ಆಗ ಹಾರುವ ಕೂದಲನ್ನೂ ಕಂಬದ ಜೊತೆ ಅಳಿಸಿ, ಹಿನ್ನೆಲೆ ಪೂರ್ತಿ ಕಟ್ಟಿ, ಕೊನೆಗೆ ಒಂದೆರಡು ಪಿಕ್ಸೆಲ್ ದಪ್ಪದ ಬ್ರಷ್‌ನಿಂದ ನಾಲ್ಕಾರು ಎಳೆ ಹೊಸದಾಗಿ ಎಳೆಯಬೇಕು. ನಿಮ್ಮ ಅದೃಷ್ಟ, ಅವ್ವ ಸೆರಗು ಹೊದ್ದಿದ್ದರು.

ಮುಗಿಯಿತು ಅನ್ನಿಸಿದಾಗ Layer ಮೆನುವಿನಲ್ಲಿ New from Visible ಒತ್ತಿ, ಆ ಹೊಸ ಲೇಯರ್ ಮೇಲೆ Curves ತೆರೆದು ಗೆರೆಯನ್ನು ನೆಟ್ಟಗೆ ಮೇಲೇರಿಸಿ. ಕಾಂಟ್ರಾಸ್ಟ್ ವಿಪರೀತ ಆಗಿ, ಆಕಾಶದಲ್ಲಿ ಅಡಗಿದ ತೇಪೆಗಳು ಹೊರಬೀಳುತ್ತವೆ. ನೋಡಿಕೊಂಡು Cancel ಒತ್ತಿ, ಆ ಲೇಯರ್ ಅಳಿಸಿ. ಫೋಟೊವನ್ನು ಎಡ–ಬಲ ತಿರುಗಿಸಿಯೂ ನೋಡಿ. ರೂಢಿಯಾದ ಕಣ್ಣಿಗೆ ಕಾಣದ ತಪ್ಪು ಆಗ ಕಾಣುತ್ತದೆ. ಆಮೇಲೆ ಕಂಬದ ಬಳಗವನ್ನು ಹುಡುಕಿ. ನಿಮ್ಮ ಫೋಟೊದಲ್ಲಿ ಕಂಬದಿಂದ ಹೊರಟ ತಂತಿ ಬಲ ಮೂಲೆಯವರೆಗೆ ಹೋಗಿದೆ. ಕಂಬದ ನೆರಳು ಮೆಟ್ಟಿಲ ಮೇಲೆ ಅವ್ವನ ಎಡಕ್ಕೆ ಬಿದ್ದಿದೆ. ಮೊಬೈಲ್ ಅವೆರಡನ್ನೂ ಹಾಗೇ ಬಿಟ್ಟಿತ್ತು.

ಅಂದಹಾಗೆ, ಮನೆಯ ಗೋಡೆಗೆ ಹಾಕುವ ಫೋಟೊಗೆ ಇದೆಲ್ಲ ಸರಿ. ನಮ್ಮ ಸುದ್ದಿಚಿತ್ರದ ಪುಟಕ್ಕೆ ಮಾತ್ರ ಕಂಬ ಇರುವ ಮೂಲ ಫೋಟೊವನ್ನೇ ಕಳಿಸಿ, ಅಳಿಸಿದ್ದನ್ನು ಅಲ್ಲಿ ಹಾಕುವುದಿಲ್ಲ.

– ಸಂ.