ಮ್ಯೂಸಿಕ್ ಬರುತ್ತೆ, ಗುಂಡಿನ ಸದ್ದು ಬರಲ್ಲ: ಡಾಸ್‌ಬಾಕ್ಸ್ ಪ್ರಶ್ನೆಗೆ ಉತ್ತರ

"ಹಳೇ ಡಾಸ್ ಗೇಮುಗಳನ್ನ ಈಗಿನ ಕಂಪ್ಯೂಟರಲ್ಲಿ ಓಡಿಸೋ ಡಾಸ್‌ಬಾಕ್ಸಲ್ಲಿ, ಹಳೇ ಸಿಡಿಯಿಂದ ಗೇಮ್ ಇನ್‌ಸ್ಟಾಲ್ ಮಾಡಿದೆ. ಶುರುವಾಗುತ್ತೆ, ಮ್ಯೂಸಿಕ್ ಬರುತ್ತೆ, ಆದರೆ ಗುಂಡು, ಬಾಗಿಲು, ಮಾತು ಯಾವ ಸದ್ದೂ ಇಲ್ಲ. ಮಾರನೇ ದಿನ ತೆರೆದರೆ ಸಿಡಿ ಹಾಕಿ ಅನ್ನುತ್ತೆ. ಮೆಮೊರಿ ಸಾಲದೇನೋ ಅಂತ memsize 64 ಮಾಡಿದೆ, ಪ್ರಯೋಜನ ಇಲ್ಲ. ಎಲ್ಲಿ ತಪ್ಪಿದೆ?"

ಮ್ಯೂಸಿಕ್ ಬರುತ್ತಿದೆ ಅನ್ನೋದರಲ್ಲೇ ಅರ್ಧ ಉತ್ತರ ಇದೆ. ಡಾಸ್‌ಬಾಕ್ಸ್ ನಕಲು ಮಾಡೋ ಆ ಕಾಲದ ಸೌಂಡ್ ಬ್ಲಾಸ್ಟರ್ ಕಾರ್ಡಲ್ಲಿ ಎರಡು ಬೇರೆ ಬೇರೆ ಕೆಲಸ ನಡೀತಿತ್ತು. ಮ್ಯೂಸಿಕ್ ನುಡಿಸೋಕೆ ಒಂದು ಪುಟ್ಟ ಚಿಪ್ ಇತ್ತು. ಯಾವ ಸ್ವರ, ಎಷ್ಟು ಹೊತ್ತು ಅಂತ ಗೇಮ್ ಅದಕ್ಕೆ ನೇರವಾಗಿ ಹೇಳಿದರೆ ಮುಗೀತು. ಗುಂಡಿನ ಸದ್ದು, ಮಾತು ಹಾಗಲ್ಲ, ಅವು ರೆಕಾರ್ಡ್ ಮಾಡಿದ ಸದ್ದು. ಕಾರ್ಡ್ ಅದನ್ನ ಮೆಮೊರಿಯಿಂದ ಡಿಎಂಎ ಚಾನಲ್ ಮೂಲಕ ತುಂಡು ತುಂಡಾಗಿ ತರಿಸಿಕೊಳ್ಳುತ್ತೆ, ಒಂದು ತುಂಡು ಮುಗಿದ ಕೂಡಲೇ ಕಂಪ್ಯೂಟರನ್ನ ಎಚ್ಚರಿಸೋ, ನಂಬರ್ ಇರೋ ದಾರಿಯಾದ ಐಆರ್‌ಕ್ಯೂ ಮೂಲಕ "ಮುಂದಿನದು ಕೊಡು" ಅಂತ ಕರೆಯುತ್ತೆ. ಗೇಮ್ ಬೇರೆ ನಂಬರಲ್ಲಿ ಕಾಯುತ್ತಾ ಕೂತಿದ್ದರೆ ಆ ಕರೆ ಯಾರಿಗೂ ಮುಟ್ಟಲ್ಲ. ಹಾಗಾಗಿ ಮ್ಯೂಸಿಕ್ ಮಾತ್ರ ಬಂದರೆ ಮೊದಲ ಅನುಮಾನ ಐಆರ್‌ಕ್ಯೂ ಅಥವಾ ಡಿಎಂಎ ಮೇಲೆ ಇರಲಿ. ಕೆಲವು ಗೇಮಲ್ಲಿ ಒಂದೇ ಚೂರು ಸದ್ದು ಗೀಚುಬಿದ್ದ ರೆಕಾರ್ಡಿನ ಹಾಗೆ ಮತ್ತೆ ಮತ್ತೆ ಬರುತ್ತೆ. ಅದೂ ಇದೇ ಕಾಯಿಲೆಯ ಲಕ್ಷಣ.

ಮೇಲೆ ಒಬ್ಬ ಅಣ್ಣ "ಐಆರ್‌ಕ್ಯೂ 5 ಹಾಕಿ, ಎಲ್ಲಾ ಸೌಂಡ್ ಬ್ಲಾಸ್ಟರೂ 5ರಲ್ಲೇ ಇರುತ್ತೆ" ಅಂತ ಬರೆದಿದ್ದಾರೆ. ಅವರ 486 ಮಷಿನ್ ಮಟ್ಟಿಗೆ ಅದು ನಿಜ, ಸೌಂಡ್ ಬ್ಲಾಸ್ಟರ್ 16 ಇದ್ದವರಲ್ಲಿ 5 ಸಾಮಾನ್ಯವಾಗಿತ್ತು. ಆದರೆ ಡಾಸ್‌ಬಾಕ್ಸ್ ತಾನಾಗಿ ಇಟ್ಟುಕೊಂಡಿರೋದು 7. ನೀವು ಅವರ ಮಾತು ಕೇಳಿ ಗೇಮಿನ ಸೆಟಪ್ಪಲ್ಲಿ 5 ಒತ್ತಿದ್ದರೆ ಸದ್ದು ಹೋಗಿರೋದು ಅಲ್ಲೇ. ಊಹೆ ಬೇಡ, ಡಾಸ್‌ಬಾಕ್ಸ್ ಒಳಗೆ `set` ಅಂತ ಟೈಪ್ ಮಾಡಿ ಎಂಟರ್ ಒತ್ತಿ. ಈ ಸಾಲು ಕಾಣಬೇಕು:

```
BLASTER=A220 I7 D1 H5 T6
```

A ಮುಂದಿನದು ಪೋರ್ಟ್, I ಮುಂದಿನದು ಐಆರ್‌ಕ್ಯೂ, D ಮುಂದಿನದು ಡಿಎಂಎ. H5 ನೋಡಿ ಎಷ್ಟೋ ಜನ ಐಆರ್‌ಕ್ಯೂ 5 ಅಂದುಕೊಳ್ಳುತ್ತಾರೆ. ಅದು 16 ಬಿಟ್ ಸದ್ದಿಗೆ ಬಳಸೋ ಇನ್ನೊಂದು ಡಿಎಂಎ ಚಾನಲ್, ಐಆರ್‌ಕ್ಯೂಗೂ ಅದಕ್ಕೂ ಸಂಬಂಧ ಇಲ್ಲ. ಈಗ ಗೇಮ್ ಫೋಲ್ಡರಲ್ಲಿ `SETUP.EXE`, `INSTALL.EXE` ಅಥವಾ `SETSOUND.EXE` ಇದ್ದರೆ ಓಡಿಸಿ, ಈ ಸಾಲಲ್ಲಿರೋ ನಂಬರುಗಳನ್ನೇ ಕೊಟ್ಟು ಸೇವ್ ಮಾಡಿ. ಸೇವ್ ಆಯ್ತಾ ಇಲ್ಲವಾ ಅನ್ನೋದನ್ನೂ ಕಣ್ಣಾರೆ ನೋಡಬಹುದು. 1993ರ ಡೂಮ್ ಗೇಮನ್ನೇ ತಗೊಳ್ಳಿ, ಅದರ `DEFAULT.CFG` ಫೈಲನ್ನ ನೋಟ್‌ಪ್ಯಾಡಲ್ಲಿ ತೆರೆದರೆ ಇವು ಸಿಗುತ್ತವೆ:

```
snd_sbport  544
snd_sbirq   7
snd_sbdma   1
```

220 ಕೊಟ್ಟಿದ್ದೆ, 544 ಎಲ್ಲಿಂದ ಬಂತು ಅಂತ ಗಾಬರಿ ಬೇಡ. ಪೋರ್ಟ್ ನಂಬರ್ ಹದಿನಾರರ ಲೆಕ್ಕದಲ್ಲಿರೋದು. 2 ಸಲ 256, 2 ಸಲ 16, ಒಟ್ಟು 544. ಸರಿಯಾಗೇ ಇದೆ.

ನಾನು ಮೊದಲು ಇದನ್ನ ತಿರುಗಾಮುರುಗಾ ಮಾಡುತ್ತಿದ್ದೆ. ಗೇಮ್ 5 ಕೇಳುತ್ತೆ ಅಂತ ಡಾಸ್‌ಬಾಕ್ಸ್ ಕಾನ್ಫಿಗ್ ಫೈಲಲ್ಲೇ `irq=5` ಬರೆದೆ. ಆ ಗೇಮ್ ಸರಿಹೋಯ್ತು, ಮೊದಲು 7 ಕೊಟ್ಟು ಸೇವ್ ಮಾಡಿಟ್ಟಿದ್ದ ನಾಲ್ಕು ಗೇಮ್ ಒಟ್ಟಿಗೆ ಮೂಕವಾದವು. ಅವತ್ತಿಂದ ಡಾಸ್‌ಬಾಕ್ಸ್ ನಂಬರ್ ಮುಟ್ಟಲ್ಲ, ಗೇಮನ್ನೇ ಅದಕ್ಕೆ ಹೊಂದಿಸುತ್ತೇನೆ. ತೀರಾ ಹಳೇ ಗೇಮಿನ ಪಟ್ಟಿಯಲ್ಲಿ ಸೌಂಡ್ ಬ್ಲಾಸ್ಟರ್ 16 ಇರೋದೇ ಇಲ್ಲ. ಅಲ್ಲಿ ಬರೀ ಸೌಂಡ್ ಬ್ಲಾಸ್ಟರ್ ಅಂತ ಆರಿಸಿ. ಪ್ರೊ ಅಂತ ಆರಿಸಿದ ಮೇಲೆ ಸದ್ದು ವಿಚಿತ್ರವಾದರೆ ಆ ಗೇಮಿಗೆ ಮಾತ್ರ ಬೇರೆ ಕಾನ್ಫಿಗ್ ಇಟ್ಟು `sbtype=sbpro2` ಮಾಡಿ ನೋಡಿ. ಅಸಲಿ ಕಾರ್ಡುಗಳಲ್ಲೂ ಪ್ರೊ ಕಾರ್ಡಿನ ಸ್ಟೀರಿಯೊ ವಿಧಾನ 16ಕ್ಕೆ ಬರುತ್ತಿರಲಿಲ್ಲ.

ಮ್ಯೂಸಿಕ್‌ಗೆ ಎಂಟಿ-32 ಅನ್ನೋ ಸಂಗೀತ ಯಂತ್ರ ಆರಿಸಿ ಅಂದ ಮೇಡಂ ಹೇಳಿದ್ದು ಕೆಲವು ಗೇಮಿಗೆ ಖಂಡಿತ ಸರಿ, ಆ ಯಂತ್ರಕ್ಕೇ ಅಂತ ಬರೆದ ಸಂಗೀತ ಅದರಲ್ಲಿ ಕೇಳಬೇಕು. ಆದರೆ ಮಾಮೂಲಿ ಡಾಸ್‌ಬಾಕ್ಸ್ 0.74ರಲ್ಲಿ ಅದು ಒಳಗೇ ಇಲ್ಲ. ವಾದ್ಯಗಳ ನಂಬರ್ ಬೇರೆಯಾಗಿರೋ ಜನರಲ್ ಮಿಡಿ ಇರೋ ಕಡೆ ಎಂಟಿ-32 ಅಂತ ಆರಿಸಿದರೆ ಕೊಳಲಿನ ಜಾಗದಲ್ಲಿ ಇನ್ಯಾವುದೋ ವಾದ್ಯ ಕೂಗುತ್ತೆ. ಅದು ಬೇಕಿದ್ದರೆ ಡಾಸ್‌ಬಾಕ್ಸಿನದೇ ಇನ್ನೊಂದು ರೂಪವಾದ ಡಾಸ್‌ಬಾಕ್ಸ್ ಸ್ಟೇಜಿಂಗ್ ಹಾಕಿಕೊಳ್ಳಿ, ಆ ಯಂತ್ರದ ROM ಫೈಲುಗಳೂ ಬೇಕಾಗುತ್ತವೆ.

ಇನ್ನು ಸಿಡಿ ಕೇಳೋ ವಿಷಯ. ಫೋಲ್ಡರಿಗೆ, ಸಿಡಿಗೆ ಡ್ರೈವ್ ಅಕ್ಷರ ಕೊಡೋಕೆ ನೀವು ಮಾಡಿದ ಮೌಂಟ್ ಡಾಸ್‌ಬಾಕ್ಸ್ ವಿಂಡೊ ಮುಚ್ಚಿದ ಕೂಡಲೇ ಮರೆತುಹೋಗುತ್ತೆ. ಮಾರನೇ ದಿನ ಡಿ ಡ್ರೈವೇ ಇರಲ್ಲ. ಇನ್‌ಸ್ಟಾಲ್ ಮಾಡುವಾಗ ಸಿಡಿ ಯಾವ ಅಕ್ಷರದಲ್ಲಿತ್ತೋ ಗೇಮ್ ಅದನ್ನ ಬರೆದಿಟ್ಟುಕೊಂಡಿರುತ್ತೆ, ಪ್ರತಿಸಲ ಅದೇ ಅಕ್ಷರ ಸಿಗಬೇಕು. ಕಾನ್ಫಿಗ್ ಫೈಲಿನ ಕೊನೆಗೆ ಹೀಗೆ ಬರೆದಿಡಿ:

```
[autoexec]
mount c c:\dosgames
imgmount d c:\cdimages\game.cue -t iso
c:
```

ಸಿ ಡ್ರೈವಾಗಿ ಕೊಡಬೇಕಾದ್ದು ಗೇಮಿನ ಫೋಲ್ಡರ್ ಅಲ್ಲ, ಎಲ್ಲಾ ಗೇಮ್ ಇಡೋ ಅದರ ಮೇಲಿನ ಫೋಲ್ಡರ್. ಇವತ್ತು ಗೇಮ್ ಫೋಲ್ಡರನ್ನೇ ಸಿ ಮಾಡಿ, ನಾಳೆ ಮೇಲಿನದನ್ನ ಸಿ ಮಾಡಿದರೆ ಗೇಮ್ ಒಳಗೆ ಬರೆದಿಟ್ಟ ದಾರಿ ತಪ್ಪುತ್ತೆ. ವಿಂಡೋಸಿನ ಇಡೀ `c:\` ಅಂತೂ ಕೊಡಲೇಬೇಡಿ, ಒಳಗೆ ಅಳಿಸಿದ್ದು ನಿಜವಾಗಿಯೇ ಅಳಿದುಹೋಗುತ್ತೆ. ಫೋಲ್ಡರ್ ಹೆಸರು ಎಂಟು ಅಕ್ಷರದೊಳಗೆ, ಖಾಲಿ ಜಾಗ ಇಲ್ಲದೆ ಇರಲಿ.

ಸಿಡಿಯ ಫೈಲುಗಳನ್ನ ಫೋಲ್ಡರಿಗೆ ಕಾಪಿ ಮಾಡಿ `-t cdrom` ಅಂತ ಮೌಂಟ್ ಮಾಡಿದರೂ ಎಷ್ಟೋ ಗೇಮ್ ಒಪ್ಪುತ್ತವೆ, ಸಿಡಿಯ ಹೆಸರು ನೋಡೋ ಗೇಮಿಗೆ `-label` ಜತೆ ಅದೇ ಹೆಸರು ಕೊಡಬೇಕು. ಆದರೆ ಸಂಗೀತ ಆಡಿಯೊ ಟ್ರ್ಯಾಕಾಗಿ ಸಿಡಿಯಲ್ಲೇ ಇದ್ದರೆ ಕಾಪಿಯಲ್ಲಿ ಬರಲ್ಲ, ಬರೀ ಐಎಸ್‌ಒ ಫೈಲಲ್ಲೂ ಬರಲ್ಲ. ಕ್ಯೂ ಮತ್ತು ಬಿನ್ ಎರಡೂ ಫೈಲ್ ಇರೋ ಇಮೇಜ್, ಅಂದರೆ ಸಿಡಿಯ ಪೂರ್ತಿ ನಕಲು ಮಾಡಿಕೊಳ್ಳಿ.

`memsize` ವಾಪಸ್ 16 ಮಾಡಿಬಿಡಿ. ಹೆಚ್ಚಿಸಿದರೆ ಬೆಳೆಯೋದು ಮೇಲಿನ ಮೆಮೊರಿ ಮಾತ್ರ, ಹಳೇ ಗೇಮ್ ಸಾಲದು ಅಂತ ಅಳೋ 640 ಕೆಬಿ ಒಂದಿಷ್ಟೂ ಹೆಚ್ಚಲ್ಲ. ಅತಿ ಹೆಚ್ಚು ಕಂಡು ಲೆಕ್ಕ ತಪ್ಪೋ ಗೇಮೂ ಇವೆ. ನಿಜವಾಗಿ ಫಲ ಕೊಡೋದು ಇಎಂಎಸ್ ಅನ್ನೋ ಬಗೆಯ ಹೆಚ್ಚುವರಿ ಮೆಮೊರಿ ಗೇಮಿಗೆ ಕೊಡಬೇಕಾ ಬೇಡವಾ ಅಂತ ಹೇಳೋ `ems` ಸಾಲು. 1990ರ ವಿಂಗ್ ಕಮಾಂಡರಿಗೆ ಅದು `true` ಇರಬೇಕು, ಇದ್ದರೆ ಕಾಕ್‌ಪಿಟ್ಟಲ್ಲಿ ಪೈಲಟ್ ಕೈ ಆಡೋದು ಕಾಣುತ್ತೆ. 1992ರ ಅಲ್ಟಿಮಾ 7 ತನ್ನದೇ ಮೆಮೊರಿ ವ್ಯವಸ್ಥೆ ತಂದಿತ್ತು, ಅದು ತಕರಾರು ಮಾಡಿದರೆ ಮೊದಲು `ems=false` ಮಾಡಿ. "Packed file is corrupt" ಅಂತ ಬಂದರೆ ಫೈಲ್ ಕೆಟ್ಟಿದೆ ಅಂತ ಬಿಸಾಡಬೇಡಿ. ಆ ಪ್ರೋಗ್ರಾಮಿಗೆ ಕೆಳಗಿನ ಮೆಮೊರಿ ತೀರಾ ಖಾಲಿ ಇರೋದೇ ತೊಂದರೆ, `loadfix` ಅಂತ ಬರೆದು ಮುಂದೆ ಗೇಮಿನ ಹೆಸರು ಹಾಕಿ ಓಡಿಸಿ.

ಗೇಮ್ ನಿಧಾನ ಅಂತ ಕೆಳಗೆ ಕೇಳಿದ ತಮ್ಮನಿಗೆ: ಅದು ಮೆಮೊರಿ ವಿಷಯ ಅಲ್ಲ, ಆಡುವಾಗ ಕಂಟ್ರೋಲ್ ಜತೆ ಎಫ್12 ಒತ್ತುತ್ತಾ ಹೋಗು, ಅತಿಯಾದರೆ ಎಫ್11.

ನಂಬರ್ ಸರಿಮಾಡಿದ ಮೇಲೂ ಮಾತು ತಡವರಿಸಿದರೆ ಅದು ಸೈಕಲ್ಸ್ ಅನ್ನೋ ವೇಗದ ತೊಂದರೆಯೋ ಇಮೇಜಿನದೋ ಇಲ್ಲಿಂದಲೇ ಹೇಳಲಾರೆ. `set` ತೋರಿಸಿದ ಸಾಲು ಮತ್ತು ಗೇಮಿನ ಹೆಸರು ಇಲ್ಲಿ ಹಾಕಿ, ನೋಡೋಣ.